ಆರು ಅಂಕಗಳ ಪತ್ರ

ಇಂಟರ್ನಲ್ಸ್ ಮುಗಿದು ಬ್ಲೂ ಬುಕ್ ಕೈಗೆ ಬಂದ ದಿನ ಎಂಜಿನಿಯರಿಂಗ್ ಕಾಲೇಜಿನ ಸ್ಟಾಫ್ ರೂಮಿನ ಮುಂದೆ ವಿದ್ಯಾರ್ಥಿಗಳ ಸಾಲು ಇದ್ದೇ ಇರುತ್ತದೆ. ಹೆಚ್ಚಿನವರ ಅಹವಾಲು ಚಿಕ್ಕದು. ಕೂಡಿಸುವಾಗ ಒಂದು ಅಂಕ ಬಿಟ್ಟುಹೋಗಿದೆ, ಕೊನೆಯ ಪುಟ ನೋಡಿಲ್ಲ, ಪಕ್ಕದವನಿಗೆ ಕೊಟ್ಟಿದ್ದನ್ನು ನನಗೆ ಕೊಟ್ಟಿಲ್ಲ. ಇಂಥವು ಐದು ನಿಮಿಷದಲ್ಲಿ ಬಗೆಹರಿಯುತ್ತವೆ. ಆದರೆ ಅಪರೂಪಕ್ಕೆ ಒಮ್ಮೆ, ಉತ್ತರವೇ ಸರಿ, ಸ್ಕೀಮೇ ತಪ್ಪು ಎಂದು ಹೇಳುವ ಪತ್ರ ಬರುತ್ತದೆ. ಸ್ಕೀಮ್ ಎಂದರೆ ಯಾವ ಹಂತಕ್ಕೆ ಎಷ್ಟು ಅಂಕ ಎಂದು ಪ್ರಶ್ನೆಪತ್ರಿಕೆಯ ಜೊತೆಗೇ ಸಿದ್ಧವಾಗುವ ಮಾದರಿ ಉತ್ತರ. ಅದನ್ನೇ ಪ್ರಶ್ನಿಸಲು ನಾಲ್ಕನೇ ಸೆಮಿಸ್ಟರಿನ ವಿದ್ಯಾರ್ಥಿಗೆ ಧೈರ್ಯವೂ ಬೇಕು, ಲೆಕ್ಕವೂ ಗೊತ್ತಿರಬೇಕು.

ಅಂಥ ಒಂದು ಪತ್ರವನ್ನು ‘ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್’ ಪಾಠ ಮಾಡುವ ಸಹೋದ್ಯೋಗಿಯೊಬ್ಬರು ನನಗೆ ತೋರಿಸಿದರು. “ಸರ್, ಇದನ್ನೊಂಚೂರು ನೋಡಿ. ಹುಡುಗಿ ಹೇಳೋದರಲ್ಲಿ ಹುರುಳಿದೆ ಅನ್ನಿಸ್ತಿದೆ” ಎಂದರು. ನಾನೂ ಇದೇ ವಿಷಯ ಪಾಠ ಮಾಡಿದವನಾದ್ದರಿಂದ ಕುತೂಹಲದಿಂದ ಓದಿದೆ. ಇಂಗ್ಲಿಷಿನಲ್ಲಿದ್ದ ಆ ಪತ್ರವನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

“ವಿಷಯ: ಎರಡನೇ ಇಂಟರ್ನಲ್ ಪರೀಕ್ಷೆಯ 3ನೇ ಪ್ರಶ್ನೆಯ ಮರುಮೌಲ್ಯಮಾಪನ ಕೋರಿ.

ಮಾನ್ಯರೇ, ಸದರಿ ಪ್ರಶ್ನೆಯಲ್ಲಿ H(z) ಕೊಟ್ಟು, ‘ಸಿಸ್ಟಮ್ ಸ್ಟೇಬಲ್ ಆಗಿದೆ, h[n] ಕಂಡುಹಿಡಿದು ಆರ್‌ಒಸಿ ಬರೆಯಿರಿ’ ಎಂದು ಕೇಳಲಾಗಿದೆ. ಕಾಸಲ್ ಎಂಬ ಮಾತು ಪ್ರಶ್ನೆಯಲ್ಲಿ ಇಲ್ಲ. ನಾನು ಆರ್‌ಒಸಿ ½ < |z| < 2 ಎಂದು ಬರೆದಿದ್ದೇನೆ. ಸ್ಕೀಮಿನ ಉತ್ತರ |z| > 2 ಎಂದು ತಾವು ತರಗತಿಯಲ್ಲಿ ತಿಳಿಸಿದಿರಿ. ನನಗೆ 10ರಲ್ಲಿ 4 ಅಂಕ ಬಂದಿದೆ.

ಸ್ಕೀಮಿನ h[n]ನ ಮೊದಲ ಐದು ಬೆಲೆಗಳನ್ನು ಲೆಕ್ಕ ಹಾಕಿ ನೋಡಿದೆ. ಅವು 1, 2.5, 5.25, 10.625, 21.3125. ಮುಂದೆಯೂ ಹೆಚ್ಚುತ್ತಲೇ ಹೋಗುತ್ತವೆ. ಹೀಗೆ ಬೆಳೆಯುವ ಸಿಸ್ಟಮ್ ಸ್ಟೇಬಲ್ ಆಗಲಾರದು ಎಂದು ನನ್ನ ತಿಳಿವಳಿಕೆ. ಆದ್ದರಿಂದ ಪ್ರಶ್ನೆಯಲ್ಲಿ ಕೊಟ್ಟಿರುವ ಷರತ್ತಿಗೆ ಆ ಉತ್ತರ ಹೊಂದುವುದಿಲ್ಲ. ನನ್ನ ಉತ್ತರವನ್ನು ಇನ್ನೊಮ್ಮೆ ಪರಿಶೀಲಿಸಬೇಕಾಗಿ ವಿನಂತಿ. ನಾನು ತಪ್ಪಿದ್ದರೆ ಯಾವ ಹಂತದಲ್ಲಿ ಎಂದು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ. ತಮ್ಮ ವಿಧೇಯ ವಿದ್ಯಾರ್ಥಿನಿ.”

ಅಷ್ಟೇ. ‘ತುಂಬಾ ಓದಿದ್ದೆ ಮೇಡಂ’ ಎಂಬ ಅಳಲಿಲ್ಲ, ಇನ್ನೊಬ್ಬರ ಅಂಕದ ಪ್ರಸ್ತಾಪವಿಲ್ಲ. ಈ ಪತ್ರದ ಪ್ರತಿ ವಾಕ್ಯವನ್ನೂ ಕ್ಯಾಲ್ಕುಲೇಟರ್ ಹಿಡಿದು ಪರೀಕ್ಷಿಸಬಹುದು. ಪರೀಕ್ಷಿಸಬೇಕಾದರೆ ಮೊದಲು ಆರ್‌ಒಸಿ ಎಂದರೇನು ಎಂದು ತಿಳಿಯಬೇಕು. ಅಭಿಸರಣ ವಲಯ ಎಂದು ಕನ್ನಡದಲ್ಲಿ ಹೇಳಬಹುದಾದ ಈ ಸಂಗತಿಗೆ ಎಂಜಿನಿಯರಿಂಗ್ ಓದಿರಲೇಬೇಕೆಂದಿಲ್ಲ. ಗುಣೋತ್ತರ ಶ್ರೇಢಿ ನೆನಪಿದ್ದರೆ ಸಾಕು.

1, ½, ¼, ⅛ ಹೀಗೆ ಪ್ರತಿ ಸಂಖ್ಯೆಯೂ ಹಿಂದಿನದರ ಅರ್ಧವಾಗುತ್ತಾ ಕೊನೆಯಿಲ್ಲದೆ ಸಾಗಿದರೂ ಮೊತ್ತ 2ನ್ನು ದಾಟುವುದಿಲ್ಲ, 2ಕ್ಕೆ ಬಂದು ನಿಲ್ಲುತ್ತದೆ. ಇಂಥ ಅನಂತ ಶ್ರೇಢಿಯ ಮೊತ್ತ ನಮ್ಮ ದೇಶಕ್ಕೆ ಹೊಸದಲ್ಲ. ಕೇರಳದ ನೀಲಕಂಠ ಸೋಮಯಾಜಿ ಆರ್ಯಭಟೀಯದ ಭಾಷ್ಯ ಬರೆಯುವಾಗ ಕಾಲು, ಕಾಲರಲ್ಲಿ ಕಾಲು, ಅದರಲ್ಲಿ ಕಾಲು ಎಂದು ಕೂಡಿಸುತ್ತಾ ಹೋದರೆ ಮೂರನೇ ಒಂದು ಭಾಗ ಬರುತ್ತದೆ ಎಂಬುದನ್ನು ಚರ್ಚಿಸಿದ್ದಾರೆ. ಶಾಲೆಯ ಸೂತ್ರ ನಮಗೆ ಗೊತ್ತೇ ಇದೆ. ಒಂದರಿಂದ ಶುರುವಾಗಿ, ಪ್ರತಿ ಪದವೂ ಹಿಂದಿನದರ r ಪಟ್ಟು ಆಗಿದ್ದರೆ ಮೊತ್ತ 1/(1−r). r ಜಾಗದಲ್ಲಿ ½ ಹಾಕಿದರೆ 2 ಬರುತ್ತದೆ.

ಈಗ ಅದೇ ಸೂತ್ರದಲ್ಲಿ r = 2 ಹಾಕಿ. ಶ್ರೇಢಿ 1 + 2 + 4 + 8 + … ಎಂದು ಬೆಳೆಯುತ್ತಾ ಹೋಗುತ್ತದೆ. ಸೂತ್ರ ಕೊಡುವ ಬೆಲೆ ಮಾತ್ರ −1. ಧನಸಂಖ್ಯೆಗಳನ್ನೇ ಕೂಡಿಸಿದರೂ ಉತ್ತರ ಋಣಸಂಖ್ಯೆ. ಹದಿನೆಂಟನೇ ಶತಮಾನದಲ್ಲಿ ಆಯ್ಲರ್‌ನಂಥ ಮಹಾ ಗಣಿತಜ್ಞನೂ ಈ −1ರ ಜೊತೆ ಗುದ್ದಾಡಿದ್ದಾನೆ. ಅದನ್ನು ಅಸಂಬದ್ಧವೆಂದು ತಳ್ಳಿಹಾಕಲು ಅವನಿಗೆ ಮನಸ್ಸಿರಲಿಲ್ಲ. 1821ರಲ್ಲಿ ಕೋಶಿ ತನ್ನ ಪಠ್ಯಪುಸ್ತಕದಲ್ಲಿ, ನೆಲೆ ನಿಲ್ಲದ ಶ್ರೇಢಿಗೆ ಮೊತ್ತವೇ ಇಲ್ಲ ಎಂದು ಗೆರೆ ಎಳೆದ. ಆ ಗೆರೆಯನ್ನೇ ನಾವು ಇವತ್ತು ಪರೀಕ್ಷೆಯಲ್ಲಿ ಆರ್‌ಒಸಿ ಎಂದು ಬರೆಯುತ್ತೇವೆ. ಸೂತ್ರ ಯಾವ ಬೆಲೆಗಳಿಗೆ ನಿಜವಾದ ಮೊತ್ತವನ್ನು ಹೇಳುತ್ತದೆ, ಯಾವ ಬೆಲೆಗಳಿಗೆ ಬರೀ ಸಂಖ್ಯೆಯೊಂದನ್ನು ಕೊಟ್ಟು ಸುಮ್ಮನಾಗುತ್ತದೆ ಎಂಬುದನ್ನು ಅದು ತಿಳಿಸುತ್ತದೆ.

ಸಿಗ್ನಲ್ ಎಂಬುದು ಇಲ್ಲಿ ಕಾಲಕ್ಕೆ ತಕ್ಕಂತೆ ಸಾಲಾಗಿ ನಿಂತ ಸಂಖ್ಯೆಗಳು. ಫೋನಿನಲ್ಲಿ ನೀವು ಆಡಿದ ಮಾತು ಸೆಕೆಂಡಿಗೆ 8000 ಸಂಖ್ಯೆಗಳಾಗಿ ಹೋಗುತ್ತದೆ ಎಂದರೆ ಅಂಥದೊಂದು ಸಾಲು. ಝಡ್ ಟ್ರಾನ್ಸ್‌ಫಾರ್ಮ್ ಆ ಇಡೀ ಸಾಲನ್ನು ಒಂದೇ ಸೂತ್ರದಲ್ಲಿ ಅಡಕ ಮಾಡುತ್ತದೆ. 0ನೇ ಗಳಿಗೆಯ ಸಂಖ್ಯೆಯನ್ನು ಹಾಗೇ ಇಟ್ಟುಕೊಂಡು, ಮುಂದಿನದನ್ನು zನಿಂದ ಭಾಗಿಸಿ, ಅದರ ಮುಂದಿನದನ್ನು z²ನಿಂದ ಭಾಗಿಸಿ ಕೂಡಿಸುತ್ತಾ ಹೋಗುವುದು. 0ಗಿಂತ ಹಿಂದಿನ ಗಳಿಗೆಗಳ ಸಂಖ್ಯೆಗಳಿದ್ದರೆ ಅವನ್ನು z, z² ಎಂದು ಗುಣಿಸಿ ಕೂಡಿಸುವುದು. z ಸಂಕೀರ್ಣ ಸಂಖ್ಯೆಯೂ ಆಗಬಹುದು. ಆದರೆ ನಮ್ಮ ಕೆಲಸಕ್ಕೆ ಅದರ ಗಾತ್ರ |z| ಒಂದೇ ಸಾಕು. ಗಾತ್ರ ದೊಡ್ಡದಾದಷ್ಟೂ ಮುಂದಿನ ಕಾಲದ ಸಂಖ್ಯೆಗಳು ಕುಗ್ಗುತ್ತವೆ, ಹಿಂದಿನ ಕಾಲದವು ಹಿಗ್ಗುತ್ತವೆ. ಚಿಕ್ಕದಾದರೆ ಇದು ತಿರುಗುಮುರುಗು. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು.

0ನೇ ಗಳಿಗೆಯಿಂದ ಶುರುವಾಗಿ 1, 2, 4, 8 ಎಂದು ಇಮ್ಮಡಿಯಾಗುವ ಸಾಲನ್ನು ತೆಗೆದುಕೊಳ್ಳೋಣ. ಅದರ ಟ್ರಾನ್ಸ್‌ಫಾರ್ಮ್ 1 + 2/z + 4/z² + …, ಅಂದರೆ 1/(1 − 2/z). z = 4 ಹಾಕಿದರೆ 1 + ½ + ¼ + … ಆಗಿ ಮೊತ್ತ 2, ಸೂತ್ರವೂ 2 ಎನ್ನುತ್ತದೆ. |z| ಎರಡಕ್ಕಿಂತ ದೊಡ್ಡದಿರುವಲ್ಲೆಲ್ಲ ಹೀಗೆ ತಾಳೆಯಾಗುತ್ತದೆ. z = 1 ಹಾಕಿದರೆ ಮಾತ್ರ ಆಯ್ಲರ್‌ನ ಆ 1 + 2 + 4 + …, ಮತ್ತು ಅದೇ −1.

ಈಗ ಬೇರೆಯೇ ಒಂದು ಸಾಲು. 0ನೇ ಗಳಿಗೆಯಿಂದ ಮುಂದಕ್ಕೆ ಏನೂ ಇಲ್ಲ, ಬರೀ ಸೊನ್ನೆ. ಹಿಂದಕ್ಕೆ ಹೋದರೆ −1ನೇ ಗಳಿಗೆಯಲ್ಲಿ −½, −2ರಲ್ಲಿ −¼, −3ರಲ್ಲಿ −⅛. ಹಿಂದಿನ ಕಾಲದ್ದಾದ್ದರಿಂದ z, z², z³ಗಳಿಂದ ಗುಣಿಸಿ ಕೂಡಿಸಬೇಕು. ಬೀಜಗಣಿತ ಮಾಡಿ ನೋಡಿದರೆ ಬರುವ ಸೂತ್ರ 1/(1 − 2/z). ಮೊದಲಿನದೇ ಸೂತ್ರ, ಒಂದು ಚಿಹ್ನೆಯೂ ಆಚೀಚೆ ಇಲ್ಲ. ಇಲ್ಲಿ z = 1 ಹಾಕಿದರೆ −½ − ¼ − ⅛ − … , ಮೊತ್ತ ನಿಜಕ್ಕೂ −1! ಸೂತ್ರ ಹೇಳಿದ −1 ಸುಳ್ಳಾಗಿರಲಿಲ್ಲ. ಅದು 1, 2, 4, 8 ಎಂಬ ಸಾಲಿನದಾಗಿರದೆ ಈ ಇನ್ನೊಂದು ಸಾಲಿನ ಮೊತ್ತವಾಗಿತ್ತು. ಇದನ್ನು ಮೊದಲ ಸಲ ಬೋರ್ಡಿನ ಮೇಲೆ ಮಾಡಿ ತೋರಿಸಿದಾಗ ತರಗತಿಯಲ್ಲಿ ಉಂಟಾಗುವ ಬೆರಗು ಈ ಪಾಠದಲ್ಲಿ ನನಗೆ ಅತಿ ಪ್ರಿಯವಾದ ಗಳಿಗೆ.

ಇಮ್ಮಡಿಯಾಗುತ್ತಾ ಮುಂದಕ್ಕೆ ಹೋಗುವ ಒಂದು ಸಿಗ್ನಲ್, ಅರ್ಧವಾಗುತ್ತಾ ಹಿಂದಕ್ಕೆ ಕರಗುವ ಇನ್ನೊಂದು ಸಿಗ್ನಲ್, ಎರಡಕ್ಕೂ ಸೂತ್ರ ಒಂದೇ. ಅವನ್ನು ಬೇರೆ ಮಾಡುವುದು ಪಕ್ಕದಲ್ಲಿ ಬರೆದ ಷರತ್ತು ಮಾತ್ರ. ಮೊದಲಿನದಕ್ಕೆ |z| > 2, ಎರಡನೆಯದಕ್ಕೆ |z| < 2. ಹಾಗಾಗಿ ಆರ್‌ಒಸಿ ಬರೆಯದೆ ಸೂತ್ರವನ್ನಷ್ಟೇ ಬರೆದು ‘ಫೈನಲ್ ಆನ್ಸರ್ ಸರಿ ಇದೆಯಲ್ಲ ಸರ್, ಪೂರ್ತಿ ಅಂಕ ಕೊಡಿ’ ಎಂದು ಕೇಳಿಕೊಂಡು ಬರುವವರಿಗೆ ನಾನು ಅಂಕ ಹೆಚ್ಚಿಸುವುದಿಲ್ಲ. ಅವರು ಬರೆದಿರುವುದು ಯಾವ ಸಿಗ್ನಲ್ಲಿನ ಉತ್ತರ ಎಂದು ಅವರ ಉತ್ತರದಿಂದ ಹೇಳಲು ಬರುವುದೇ ಇಲ್ಲ. ಆ ಒಂದು ಸಾಲಿಗೆ ಮೀಸಲಿಟ್ಟ 2 ಅಂಕ ಶಿಸ್ತಿಗಾಗಿ ಇಟ್ಟದ್ದಲ್ಲ, ಉತ್ತರದ ಅರ್ಧಭಾಗಕ್ಕೆ ಇಟ್ಟದ್ದು.

ಇನ್ನು ಹುಡುಗಿಯ ಪ್ರಶ್ನೆಗೆ ಬರೋಣ. ಕೊಟ್ಟಿದ್ದ ಸೂತ್ರ ಇದು.

```
H(z) = 1 / ((1 - 0.5/z)(1 - 2/z))
```

ಕೆಳಗಿನ ಎರಡು ಅಂಶಗಳು ಸೊನ್ನೆಯಾಗುವುದು z = ½ ಮತ್ತು z = 2ರಲ್ಲಿ. ಇವಕ್ಕೆ ಪೋಲ್ ಎನ್ನುತ್ತಾರೆ. ಪಾರ್ಶಿಯಲ್ ಫ್ರ್ಯಾಕ್ಷನ್ ಮಾಡಿದರೆ ಸೂತ್ರ ಎರಡು ತುಂಡಾಗುತ್ತದೆ. ½ ಇರುವ ತುಂಡಿಗೆ ಗುಣಕ −1/3, 2 ಇರುವ ತುಂಡಿಗೆ 4/3. ಇಲ್ಲಿಯವರೆಗೆ ಸ್ಕೀಮಿಗೂ ವಿದ್ಯಾರ್ಥಿನಿಗೂ ತಕರಾರಿಲ್ಲ, ಅವಳಿಗೆ ಬಂದ 4 ಅಂಕ ಇದಕ್ಕೇ.

ಪ್ರತಿ ತುಂಡೂ ಮುಂದಕ್ಕೆ ಹೋಗುವ ಸಾಲಾಗಿರಬಹುದು, ಹಿಂದಕ್ಕೆ ಹೋಗುವ ಸಾಲಾಗಿರಬಹುದು. ಎರಡನ್ನೂ ಮುಂದಕ್ಕೆ ಹೋಗುವ ಸಾಲೆಂದು ಓದಿದರೆ ಎರಡೂ ನೆಲೆ ನಿಲ್ಲಲು |z| > 2 ಬೇಕು. ಎರಡನ್ನೂ ಹಿಂದಕ್ಕೆ ಓದಿದರೆ |z| < ½. ½ ಇರುವುದನ್ನು ಮುಂದಕ್ಕೂ 2 ಇರುವುದನ್ನು ಹಿಂದಕ್ಕೂ ಓದಿದರೆ, ಎರಡಕ್ಕೂ ಒಪ್ಪುವ ಜಾಗ ½ ಮತ್ತು 2ರ ನಡುವಿನ ಬಳೆಯಾಕಾರದ ಪಟ್ಟಿ. ನಾಲ್ಕನೆಯ ಜೋಡಿಗೆ |z| ಎರಡಕ್ಕಿಂತ ದೊಡ್ಡದೂ ಅರ್ಧಕ್ಕಿಂತ ಚಿಕ್ಕದೂ ಆಗಿರಬೇಕಾಗುತ್ತದೆ, ಅಂಥ ಸಂಖ್ಯೆ ಇಲ್ಲ. ಹೀಗೆ ಒಂದೇ ಸೂತ್ರಕ್ಕೆ ಮೂರು ಸಿಗ್ನಲ್‌ಗಳು. ಯಾವುದನ್ನು ಆರಿಸಬೇಕು ಎಂದು ಪ್ರಶ್ನೆಪತ್ರಿಕೆಯೇ ಹೇಳಬೇಕು. ಅದು ‘ಸ್ಟೇಬಲ್’ ಎಂಬ ಒಂದು ಪದದಿಂದ ಹೇಳಿತ್ತು.

ಸ್ಟೇಬಲ್ ಎಂದರೆ ಒಳಗೆ ಕೊಟ್ಟ ಸಿಗ್ನಲ್ ಮಿತಿಯಲ್ಲಿದ್ದರೆ ಹೊರಗೆ ಬರುವುದೂ ಮಿತಿಯಲ್ಲಿರುವುದು. ಸಭೆಯಲ್ಲಿ ಮೈಕನ್ನು ಸ್ಪೀಕರಿನ ಹತ್ತಿರ ಒಯ್ದಾಗ ಕುಯ್ಯೆಂದು ಕಿವಿಗಡಚಿಕ್ಕುವ ಸದ್ದು ಏಳುತ್ತದಲ್ಲ, ಅದು ಸ್ಥಿರತೆ ಕಳೆದುಕೊಂಡ ಸಿಸ್ಟಮ್. ಇದನ್ನು ಲೆಕ್ಕದಲ್ಲಿ ಪತ್ತೆ ಹಚ್ಚಲು h[n]ನ ಬೆಲೆಗಳನ್ನು ಚಿಹ್ನೆ ಬಿಟ್ಟು ಕೂಡಿಸಬೇಕು. ಮೊತ್ತ ಒಂದು ಕಡೆ ನಿಂತರೆ ಸ್ಟೇಬಲ್, ನಿಲ್ಲದಿದ್ದರೆ ಅಲ್ಲ. |z| = 1 ಆದಾಗ z ಯಾವ ಬೆಲೆಯನ್ನೂ ಕುಗ್ಗಿಸುವುದಿಲ್ಲ, ಹಿಗ್ಗಿಸುವುದೂ ಇಲ್ಲ. ಹಾಗಾಗಿ ಆ ಮೊತ್ತ ನಿಲ್ಲುವುದು, ಮತ್ತು 1 ತ್ರಿಜ್ಯದ ವೃತ್ತ ಆರ್‌ಒಸಿಯ ಒಳಗಿರುವುದು, ಎರಡೂ ಒಂದೇ ಮಾತು. ಮೂರು ಆಯ್ಕೆಗಳಲ್ಲಿ 1 ಎಲ್ಲಿ ಬರುತ್ತದೆ ನೋಡಿ. |z| > 2ರಲ್ಲಿ ಇಲ್ಲ, |z| < ½ರಲ್ಲೂ ಇಲ್ಲ. ½ಕ್ಕೂ 2ಕ್ಕೂ ನಡುವೆ ಇದೆ. ವಿದ್ಯಾರ್ಥಿನಿ ಬರೆದದ್ದೂ ಅದನ್ನೇ.

ಇದು ಬರೀ ನಿಯಮದ ಮಾತಾಯಿತು ಎನ್ನಿಸಿದರೆ ಸಂಖ್ಯೆಗಳನ್ನೇ ಕೇಳಬಹುದು. ಸೂತ್ರದಲ್ಲಿ z = 1 ಹಾಕಿದರೆ H(1) = 1/(½ × −1) = −2. ಸ್ಕೀಮಿನ ಬೆಲೆಗಳನ್ನು ಕೂಡಿಸಿದರೆ ಐದೇ ಹೆಜ್ಜೆಯಲ್ಲಿ 40.6875 ಆಗಿ ಇನ್ನೂ ಏರುತ್ತಿರುತ್ತದೆ. ನಡುಪಟ್ಟಿಯ ಸರಿಯುತ್ತರವನ್ನು ತೆಗೆದುಕೊಳ್ಳಿ. 0ನೇ ಗಳಿಗೆಯಿಂದ ಮುಂದಕ್ಕೆ −1/3, −1/6, −1/12 ಎಂದು ಕರಗುತ್ತದೆ, ಇವುಗಳ ಮೊತ್ತ −2/3. −1ನೇ ಗಳಿಗೆಯಿಂದ ಹಿಂದಕ್ಕೆ −2/3, −1/3, −1/6 ಎಂದು ಕರಗುತ್ತದೆ, ಮೊತ್ತ −4/3. ಎರಡೂ ಸೇರಿ −2. ಸೂತ್ರ ಹೇಳಿದ್ದೇ ಬಂತು. ಚಿಹ್ನೆ ಬಿಟ್ಟರೆ ಮೊತ್ತ 2. ಅಂದರೆ ಈ ಸಿಸ್ಟಮ್ಮಿಗೆ ±1ರೊಳಗಿನ ಯಾವ ಸಿಗ್ನಲ್ ಕೊಟ್ಟರೂ ಹೊರಬರುವುದು ±2ನ್ನು ದಾಟುವುದಿಲ್ಲ. ಸ್ಟೇಬಲ್ ಎಂಬ ಮಾತಿಗೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಹಾಗಾದರೆ ಅನುಭವಸ್ಥ ಉಪನ್ಯಾಸಕಿಯ ಸ್ಕೀಮಿನಲ್ಲಿ |z| > 2 ಹೇಗೆ ಬಂತು? ವಿಚಾರಿಸಿದಾಗ ತಿಳಿದ ಸಂಗತಿ ಸರಳವಾಗಿತ್ತು. ಹಿಂದಿನ ವರ್ಷದ ಪತ್ರಿಕೆಯಲ್ಲಿ ಇದೇ ಪ್ರಶ್ನೆ ‘ಕಾಸಲ್’ ಎಂಬ ಪದದೊಂದಿಗೆ ಇತ್ತು. ಪ್ರಶ್ನೆ ಪುನರಾವರ್ತನೆ ಆಗಬಾರದೆಂದು ಪದ ಬದಲಾಯಿತು, ಸ್ಕೀಮ್ ಹಳೆಯದೇ ಉಳಿಯಿತು. ಕಾಸಲ್ ಎಂದರೆ ಸಿಸ್ಟಮ್ ಮುಂದೆ ಬರಲಿರುವುದನ್ನು ಮುಂಚಿತವಾಗಿ ನೋಡದೆ, ಬಂದದ್ದಕ್ಕೆ ಮಾತ್ರ ಪ್ರತಿಕ್ರಿಯಿಸುವುದು. ಆ ಷರತ್ತಿದ್ದರೆ h[n] 0ನೇ ಗಳಿಗೆಗೆ ಮುಂಚೆ ಸೊನ್ನೆಯಾಗಿರಬೇಕು, ಆಗ |z| > 2 ಸರಿಯುತ್ತರವೇ. ಆದರೆ ಈ H(z)ಗೆ ಕಾಸಲ್ ಮತ್ತು ಸ್ಟೇಬಲ್ ಎರಡೂ ಒಟ್ಟಿಗೆ ಆಗಲು ಸಾಧ್ಯವೇ ಇಲ್ಲ. ಎರಡೂ ಬೇಕಾದರೆ ಎಲ್ಲ ಪೋಲ್‌ಗಳೂ 1 ತ್ರಿಜ್ಯದ ವೃತ್ತದ ಒಳಗಿರಬೇಕು, ಇಲ್ಲಿ 2 ಹೊರಗಿದೆ.

ಅಭ್ಯಾಸಬಲದ ಪಾಲೂ ಇದೆ. ಗಣಿತದ ತರಗತಿಯಲ್ಲಿ ಮಕ್ಕಳು ಮೊದಲು ಕಲಿಯುವ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಸೊನ್ನೆಯಿಂದ ಮುಂದಕ್ಕೆ ಮಾತ್ರ ಲೆಕ್ಕ ಹಾಕುವಂಥದ್ದು. ಅಲ್ಲಿ ಹಿಂದಕ್ಕೆ ಹೋಗುವ ಸಾಲೇ ಇಲ್ಲದ್ದರಿಂದ ಒಂದು ಸೂತ್ರಕ್ಕೆ ಒಂದೇ ಉತ್ತರ, ಆರ್‌ಒಸಿಯ ಗೊಡವೆ ಬರುವುದಿಲ್ಲ. ಕೋಷ್ಟಕ ನೋಡಿ ಬರೆಯುವ ರೂಢಿ ಅಲ್ಲಿಂದಲೇ ಶುರುವಾಗುತ್ತದೆ. ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಬಂದು ಹೇಕಿನ್–ವ್ಯಾನ್ ವೀನ್ ಅಥವಾ ಓಪನ್‌ಹೈಮ್–ವಿಲ್ಸ್ಕಿ ಪುಸ್ತಕ ಹಿಡಿದಾಗ ಎರಡೂ ಕಡೆಯ ಸಾಲುಗಳು ಎದುರಾಗುತ್ತವೆ, ಆದರೂ ಕೈ ಹಳೆಯ ಕಡೆಗೇ ಎಳೆಯುತ್ತದೆ. ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಸ್ಕೀಮ್ ಬರೆಯುವವರಿಗೂ.

‘ಮುಂದೆ ಬರುವುದನ್ನು ಮೊದಲೇ ನೋಡುವ ಯಂತ್ರ ಎಲ್ಲಿದೆ ಸ್ವಾಮಿ, ಇದೆಲ್ಲ ಕಾಗದದ ಮೇಲಿನ ಆಟ’ ಎಂದು ಯಾರಾದರೂ ಕೇಳಬಹುದು. ಸ್ಟಾಫ್ ರೂಮಿನಲ್ಲೂ ಒಬ್ಬರು ಹಾಗೇ ಕೇಳಿದರು. ನ್ಯಾಯವಾದ ಪ್ರಶ್ನೆ, ಆದರೆ ಉತ್ತರವಿದೆ. ಧ್ವನಿಮುದ್ರಣವಾಗಿ ಮುಗಿದ ಒಂದು ಹಾಡು ಕಂಪ್ಯೂಟರಿನಲ್ಲಿದೆ ಎಂದುಕೊಳ್ಳಿ. ಅದರ ಯಾವುದೇ ಗಳಿಗೆಗೆ ‘ಮುಂದಿನದು’ ಎಂಬುದು ಫೈಲಿನಲ್ಲಿ ಪಕ್ಕದಲ್ಲೇ ಇರುತ್ತದೆ. ಫೋಟೋದಲ್ಲಂತೂ ಹಿಂದು–ಮುಂದು ಎಂಬುದೇ ಇಲ್ಲ, ಎಡ–ಬಲ ಮಾತ್ರ. ಇಂಥಲ್ಲಿ ನಡುಪಟ್ಟಿಯ ಉತ್ತರವನ್ನು ನಿಜವಾಗಿ ಓಡಿಸಬಹುದು. ½ರ ತುಂಡನ್ನು ಹಾಡಿನ ಆರಂಭದಿಂದ ಮುಂದಕ್ಕೆ ನಡೆಸುವುದು, 2ರ ತುಂಡನ್ನು ಹಾಡಿನ ಕೊನೆಯಿಂದ ಹಿಂದಕ್ಕೆ ನಡೆಸುವುದು, ಎರಡನ್ನೂ ಕೂಡುವುದು. ಹಿಂದಕ್ಕೆ ನಡೆಸುವ ಹೆಜ್ಜೆ ಹೀಗಿರುತ್ತದೆ.

```
y2[n-1] = 0.5 * (y2[n] - (4/3) * x[n])
```

ಪ್ರತಿ ಹೆಜ್ಜೆಯಲ್ಲೂ 0.5ರಿಂದ ಗುಣಿಸುತ್ತಿದ್ದೇವೆ. ಕಂಪ್ಯೂಟರ್ ದಶಾಂಶ ಕತ್ತರಿಸಿದಾಗ ಉಳಿಯುವ ಚಿಕ್ಕ ತಪ್ಪು ಕೂಡ ಹೆಜ್ಜೆಹೆಜ್ಜೆಗೆ ಅರ್ಧವಾಗುತ್ತಾ ಮಾಯವಾಗುತ್ತದೆ. ಅದೇ ತುಂಡನ್ನು ಸ್ಕೀಮಿನಂತೆ ಮುಂದಕ್ಕೆ ನಡೆಸಿದರೆ ತಪ್ಪು ಪ್ರತಿ ಹೆಜ್ಜೆಗೂ ಎರಡರಷ್ಟಾಗುತ್ತದೆ. ಐವತ್ತು ಹೆಜ್ಜೆಗೆ ಅದು ಹತ್ತು ಕೋಟಿ ಕೋಟಿ ಪಟ್ಟನ್ನು ಮೀರುತ್ತದೆ. ಫೋನಿನ ಧ್ವನಿಯ ಲೆಕ್ಕದಲ್ಲಿ ಐವತ್ತು ಹೆಜ್ಜೆ ಎಂದರೆ ಸೆಕೆಂಡಿನ ನೂರರಲ್ಲಿ ಒಂದು ಭಾಗವೂ ಅಲ್ಲ.

ನೇರಪ್ರಸಾರದಲ್ಲಿ ಮಾತ್ರ ಮುಂದಿನದು ಇನ್ನೂ ಬಂದಿರುವುದಿಲ್ಲ. ಅಲ್ಲಿಯೂ ಸ್ವಲ್ಪ ತಡ ಮಾಡಲು ಒಪ್ಪಿದರೆ ದಾರಿಯಿದೆ. ಹಿಂದಕ್ಕೆ ಹೋಗುವ ಬಾಲ −2/3ರಿಂದ ಶುರುವಾಗಿ ಹತ್ತನೇ ಹೆಜ್ಜೆಗೆ −0.0013ರಷ್ಟಾಗಿರುತ್ತದೆ. ಅದರಾಚೆಗಿನದನ್ನು ಕತ್ತರಿಸಿ, ಹತ್ತು ಗಳಿಗೆ ಕಾದು ಉತ್ತರ ಕೊಟ್ಟರೆ ಫೋನಿನಲ್ಲಿ ಆಗುವ ವಿಳಂಬ 1.25 ಮಿಲಿಸೆಕೆಂಡ್. ಕಿವಿಗೆ ಗೊತ್ತೇ ಆಗುವುದಿಲ್ಲ. ಉತ್ತರ ಕರಾರುವಾಕ್ಕಾಗಿರುವುದಿಲ್ಲ ನಿಜ, ಆದರೆ ಸ್ಥಿರವಾಗಿರುತ್ತದೆ.

ಅಲ್ಲಿಗೆ ಪತ್ರದ ವಾದ ಗೆದ್ದಿತು. ಆದರೆ ಮರುಮೌಲ್ಯಮಾಪನ ಎಂದರೆ ವಾದವನ್ನು ಒಪ್ಪಿಕೊಳ್ಳುವುದಷ್ಟೇ ಅಲ್ಲ, ಉತ್ತರವನ್ನು ಮೊದಲಿಂದ ಓದುವುದು. ಬ್ಲೂ ಬುಕ್ ತೆರೆದು ನೋಡಿದರೆ ವಿದ್ಯಾರ್ಥಿನಿ h[n] ಹೀಗೆ ಬರೆದಿದ್ದಳು.

```
h[n] = -(1/3)(1/2)^n u[n] - (4/3) 2^n u[-n]
```

u[n] ಎಂಬುದು 0ನೇ ಗಳಿಗೆಯಿಂದ ಮುಂದಕ್ಕೆ 1, ಅದಕ್ಕೆ ಮುಂಚೆ 0 ಎಂದು ಹೇಳುವ ಗುರುತು. u[−n] ಎಂದು ಬರೆದರೆ 0ನೇ ಗಳಿಗೆಯೂ ಹಿಂದಿನ ಸಾಲಿಗೆ ಸೇರಿಬಿಡುತ್ತದೆ. ಬರೆಯಬೇಕಾದದ್ದು u[−n−1], ಅದು −1ರಿಂದ ಶುರುವಾಗುತ್ತದೆ. ಇದನ್ನು ‘ಒಂದು −1 ಬಿಟ್ಟುಹೋಗಿದೆ ಅಷ್ಟೇ’ ಎಂದು ಬಿಡುವಂತಿಲ್ಲ. ಅವಳು ಬರೆದಂತೆ 0ನೇ ಗಳಿಗೆಯ ಬೆಲೆ −1/3 ಬದಲು −5/3 ಆಗುತ್ತದೆ, ಒಟ್ಟು ಮೊತ್ತ −2 ಆಗದೆ −10/3 ಆಗುತ್ತದೆ. ಸ್ಕೀಮಿನ ತಪ್ಪನ್ನು ಹಿಡಿಯಬಹುದಾದ ಆ z = 1ರ ಪರೀಕ್ಷೆ ಇವಳ ತಪ್ಪನ್ನೂ ಹಿಡಿಯಿತು. ಪತ್ರ ಬರೆಯುವ ಮುನ್ನ ತನ್ನ ಉತ್ತರದ ಬೆಲೆಗಳನ್ನೂ ಅವಳು ಕೂಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಸ್ಕೀಮಿನ ಬೆಲೆಗಳನ್ನು ಮಾತ್ರ ಲೆಕ್ಕ ಹಾಕಿದ್ದಳು.

ಹೀಗಾಗಿ ಪಾರ್ಶಿಯಲ್ ಫ್ರ್ಯಾಕ್ಷನ್ನಿಗೆ ಮೊದಲಿನ 4, ಆರ್‌ಒಸಿಗೆ 2ಕ್ಕೆ 2, h[n]ಗೆ 4ರಲ್ಲಿ 3. ಒಟ್ಟು 9. ಕಳೆದುಕೊಂಡಿದ್ದ ಆರರಲ್ಲಿ ಐದು ಮರಳಿ ಬಂತು. ಉಪನ್ಯಾಸಕಿ ಅವಳನ್ನು ಕರೆದು, ಹೆಚ್ಚಿಸಿದ ಅಂಕದ ಜೊತೆಗೆ ಆ −10/3ರ ಲೆಕ್ಕವನ್ನೂ ಅದೇ ಪುಟದಲ್ಲಿ ಬರೆದು ತೋರಿಸಿದರು. ‘ಯಾವ ಹಂತದಲ್ಲಿ ತಪ್ಪು ಎಂದು ತಿಳಿಸಿ’ ಎಂದು ಪತ್ರದಲ್ಲಿ ಕೇಳಿದ್ದಳಲ್ಲ, ಅದಕ್ಕೂ ಉತ್ತರ ಸಿಕ್ಕಿತು.

ಇದಾದ ಮೇಲೆ ಉಳಿದದ್ದು ಹೆಚ್ಚು ಕಷ್ಟದ ವಿಚಾರ. ಸ್ಕೀಮೇ ತಪ್ಪಿದ್ದರೆ ಅದು ಒಬ್ಬಳ ಸಮಸ್ಯೆಯಲ್ಲ. ಪತ್ರ ಬರೆಯದೆ ಸುಮ್ಮನಾದವರಲ್ಲೂ ½ < |z| < 2 ಎಂದು ಬರೆದು ಅಂಕ ಕಳೆದುಕೊಂಡವರಿರಬಹುದು. ಅವರಿಗೆ ತಮ್ಮ ಉತ್ತರ ಸರಿ ಎಂಬುದೇ ಗೊತ್ತಿರುವುದಿಲ್ಲ, ಬದಲಿಗೆ ತಪ್ಪನ್ನೇ ಸರಿಯೆಂದು ಕಲಿತು ಸೆಮಿಸ್ಟರ್ ಪರೀಕ್ಷೆಗೆ ಹೋಗುತ್ತಾರೆ. ಆದ್ದರಿಂದ ಆ ಪ್ರಶ್ನೆಯ ಮಟ್ಟಿಗೆ ಇಡೀ ತರಗತಿಯ ಬ್ಲೂ ಬುಕ್‌ಗಳನ್ನು ಮತ್ತೆ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಅವರೂ ಹಾಗೇ ಮಾಡಿದರು. ಇಂಟರ್ನಲ್ಸ್‌ನಲ್ಲಿ ಇದಕ್ಕೆ ಅವಕಾಶವಿದೆ, ಪಾಠ ಮಾಡಿದವರೂ ಪ್ರಶ್ನೆ ತೆಗೆದವರೂ ಮೌಲ್ಯಮಾಪನ ಮಾಡಿದವರೂ ಒಬ್ಬರೇ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಶುಲ್ಕ ಕಟ್ಟಿ ಅರ್ಜಿ ಹಾಕಿದವರ ಉತ್ತರಪತ್ರಿಕೆ ಮಾತ್ರ ಮತ್ತೆ ತೆರೆಯುತ್ತದೆ. ಅರ್ಜಿ ಹಾಕದವರದು ಹಾಗೇ ಉಳಿಯುತ್ತದೆ.

|z| > 2 ಎಂದು ಬರೆದು ಪೂರ್ತಿ ಅಂಕ ಪಡೆದವರ ಕತೆಯೇನು? ಅವರ ಅಂಕ ಕಡಿಮೆ ಮಾಡಬೇಕೇ ಎಂಬ ಬಗ್ಗೆ ನಾವಿಬ್ಬರೂ ಸಾಕಷ್ಟು ಚರ್ಚಿಸಿದೆವು. ಕೊಟ್ಟು ಆದ ಅಂಕವನ್ನು, ಅದೂ ಕೊಟ್ಟವರ ಸ್ಕೀಮಿನ ತಪ್ಪಿಗಾಗಿ, ಹಿಂದಕ್ಕೆ ಪಡೆಯುವುದು ಸರಿಯಲ್ಲ ಎಂದು ನನಗೆ ಅನ್ನಿಸಿತು. ಆದರೆ ಅವರ ಉತ್ತರ ತಪ್ಪೆಂದು ಅವರಿಗೆ ತಿಳಿಯಲೇಬೇಕು. ಹಾಗಾಗಿ ಅಂಕ ಮುಟ್ಟದೆ, ಮುಂದಿನ ತರಗತಿಯಲ್ಲಿ ಅದೇ ಪ್ರಶ್ನೆಯನ್ನು ಬೋರ್ಡಿನ ಮೇಲೆ ಎರಡೂ ರೀತಿಯಲ್ಲಿ ಮಾಡಿಸಿ, ಐದೈದು ಬೆಲೆಗಳನ್ನು ವಿದ್ಯಾರ್ಥಿಗಳಿಂದಲೇ ಕೂಡಿಸಿ ತೋರಿಸುವುದೆಂದು ತೀರ್ಮಾನವಾಯಿತು.

ಮೂರನೇ ಇಂಟರ್ನಲ್ಸ್‌ನ ಪತ್ರಿಕೆಯಲ್ಲಿ ಪೋಲ್‌ಗಳನ್ನು ಬದಲಿಸಿ ಇದೇ ಬಗೆಯ ಪ್ರಶ್ನೆ ಬಂದಿತ್ತು. ಈ ಸಲ ಮೂರು ಭಾಗ. ಸಾಧ್ಯವಿರುವ ಎಲ್ಲ ಆರ್‌ಒಸಿಗಳನ್ನೂ ಬರೆಯಿರಿ. ಸಿಸ್ಟಮ್ ಸ್ಟೇಬಲ್ ಎಂದಾದರೆ h[n] ಏನು? ಅದೇ h[n] ಕಾಸಲ್ ಹೌದೋ ಅಲ್ಲವೋ, ಕಾರಣ ಕೊಡಿ. ಸ್ಕೀಮಿನಲ್ಲಿ ಕಾರಣಕ್ಕೇ 2 ಅಂಕ ಇಟ್ಟಿದ್ದರು, ಮತ್ತು z = 1 ಹಾಕಿ ಬೆಲೆಗಳ ಮೊತ್ತವನ್ನು ತಾಳೆ ನೋಡಿದವರಿಗೆ ಇನ್ನೊಂದು.